ನೇಯ್ದ ಇಸವಿ ನಂಬಿ ರತ್ನಗಂಬಳಿ ತಗೊಂಡು ಮೋಸ ಹೋದೆ, ನೀವು ಹೋಗಬೇಡಿ

ಹಳೆಯ ಕೈಗಂಟಿನ ಉಣ್ಣೆ ರತ್ನಗಂಬಳಿ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ವರ್ಷಗಟ್ಟಲೆ ಆಸೆಪಟ್ಟು, ದುಡ್ಡು ಕೂಡಿಟ್ಟು ತಗೊಂಡಿದ್ದು ಒಂದು ಕಾಕಸಸ್ ಕಡೆಯ ಚಿಕ್ಕ ಪ್ರಾರ್ಥನೆ ಹಾಸು. ಅದಕ್ಕೆ ಕೊಟ್ಟಿದ್ದು ಅದರ ನಿಜವಾದ ಬೆಲೆಯ ಮೂರು ಪಟ್ಟಿಗಿಂತ ಜಾಸ್ತಿ.

ನನ್ನನ್ನು ಬೀಳಿಸಿದ್ದು ಅದರಲ್ಲಿ ನೇಯ್ದಿದ್ದ ಒಂದು ಇಸವಿ. ಮೇಲಿನ ಮೂಲೆಯಲ್ಲಿ ಅರಬ್ಬಿ ಅಂಕಿಗಳಲ್ಲಿ 1225 ಅಂತ ಇತ್ತು. ಮಾರಿದವರು ನನ್ನೆದುರೇ ಲೆಕ್ಕ ಹಾಕಿ ತೋರಿಸಿದರು. ಆ ಇಸವಿ ಮುಸ್ಲಿಮರ ಹಿಜರಿ ಕ್ಯಾಲೆಂಡರಿನದು, ಹಿಜರಿ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು, ಅದಕ್ಕೆ ಅದರಲ್ಲಿ ಮೂರು ಪರ್ಸೆಂಟ್ ಕಳೆದು 622 ಕೂಡಿಸಬೇಕು. 1225ರಲ್ಲಿ 37 ಹೋದರೆ 1188, ಅದಕ್ಕೆ 622 ಸೇರಿಸಿದರೆ 1810. ಲೆಕ್ಕ ಸರಿಯಾಗಿಯೇ ಇತ್ತು. ಇನ್ನೂರು ವರ್ಷದ ಹಾಸು ಕೈಯಲ್ಲಿದೆ ಅನ್ನುವ ಖುಷಿಯಲ್ಲಿ ಬೇರೇನೂ ನೋಡದೆ ದುಡ್ಡು ಕೊಟ್ಟುಬಿಟ್ಟೆ.

ಒಂದು ತಿಂಗಳಾದ ಮೇಲೆ ಧೂಳು ಕೊಡವಲು ಅದನ್ನು ಮಗುಚಿ ಹಾಕಿದೆ. ಮುಂಭಾಗದಲ್ಲಿ ಅಂಚಿನ ಹೂವುಗಳೆಲ್ಲ ಬೂದು ಬೆರೆತ ಕಂದು ಬಣ್ಣ. ಅದು ಬಣ್ಣ ಹಾಕದ ಒಂಟೆ ಉಣ್ಣೆ ಅಂತ ಮಾರಿದವರು ಹೇಳಿದ್ದರು. ಹಿಂದೆ ನೋಡಿದರೆ ಅದೇ ಹೂವುಗಳು ಕಣ್ಣು ಕುಕ್ಕುವ ನೇರಳೆ ಗುಲಾಬಿ! ಎದೆ ಧಸಕ್ಕೆಂದಿತು. ಮರುದಿನವೇ ಹಳೆಯ ಕಾರ್ಪೆಟ್ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ತಗೊಂಡು ಹೋದೆ.

ಅವರು ಇಸವಿಯ ಕಡೆ ನೋಡಲೇ ಇಲ್ಲ. ಮೊದಲು ಎರಡೂ ಹೆಬ್ಬೆರಳಿಂದ ಆ ಹೂವಿನ ಉಣ್ಣೆಯನ್ನು ಬಿಡಿಸಿ ಬುಡ ತೋರಿಸಿದರು. ತುದಿ ಬೂದು, ಬುಡ ನೇರಳೆ. "ಇದು ಫುಕ್ಸೀನ್ ನೋಡಿ. ಬೆಳಕಿಗೆ ನಿಲ್ಲದ ಬಣ್ಣ" ಅಂದರು. ಫುಕ್ಸೀನ್ ಅನ್ನುವುದು ಕಲ್ಲಿದ್ದಲ ಡಾಂಬರಿನಿಂದ ತಯಾರಾದ ಮೊದಲ ಬಣ್ಣಗಳಲ್ಲಿ ಒಂದು. ಆ ಸಾಲಿನ ಮೊದಲನೆಯದು, ಮಾವ್ ಅನ್ನುವ ನೇರಳೆ, ಬಂದಿದ್ದೇ 1856ರಲ್ಲಿ. ಫುಕ್ಸೀನ್ ಅದಾದ ಎರಡು ಮೂರು ವರ್ಷಕ್ಕೆ ಬಂತು. ಅಂದ ಮೇಲೆ 1810ರಲ್ಲಿ ನೇಯ್ದ ಹಾಸಿನೊಳಗೆ ಅದು ಹೇಗೆ ಬರುತ್ತದೆ?

ಪಕ್ಕದಲ್ಲೇ ಇದ್ದ ಕೆಂಪನ್ನೂ ಬಿಡಿಸಿ ತೋರಿಸಿದರು. ಅದು ಮಂಜಿಷ್ಠದ ಬೇರಿನ ಕೆಂಪು. ಅದೂ ಮಾಸಿತ್ತು, ಆದರೆ ತುದಿಯಿಂದ ಬುಡಕ್ಕೆ ನಿಧಾನವಾಗಿ ಗಾಢವಾಗುತ್ತಾ ಹೋಗಿತ್ತು, ಬೇರೆಯೇ ಬಣ್ಣ ಆಗಿರಲಿಲ್ಲ. ಈ ವ್ಯತ್ಯಾಸ ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಆದರೆ ಇದರ ಉಲ್ಟಾ ನಂಬಬೇಡಿ. ಡಾಂಬರಿನ ಬಣ್ಣ ಸಿಕ್ಕಿದರೆ ಹಾಸು ಆ ಬಣ್ಣ ಹುಟ್ಟಿದ ಮೇಲಿನದು ಅಂತ ಗಟ್ಟಿಯಾಗಿ ಹೇಳಬಹುದು, ಆದರೆ ಬರೀ ಬೇರು ಸೊಪ್ಪಿನ ಬಣ್ಣವೇ ಇದ್ದ ಮಾತ್ರಕ್ಕೆ ಅದು ಹಳೆಯದು ಅಂತ ಆಗುವುದಿಲ್ಲ. ಟರ್ಕಿಯಲ್ಲಿ 1981ರಲ್ಲಿ ದೋಬಾಗ್ ಅನ್ನುವ ಯೋಜನೆಯಡಿ ಹಳ್ಳಿಯ ಹೆಂಗಸರು ಮತ್ತೆ ಮಂಜಿಷ್ಠ, ನೀಲಿಯಲ್ಲೇ ಉಣ್ಣೆ ಅದ್ದಿ ನೇಯಲು ಶುರು ಮಾಡಿದರು. ಅವು ಹೊಸ ಹಾಸುಗಳು, ಬಣ್ಣ ಮಾತ್ರ ಹಳೆಯ ಕಾಲದ ರೀತಿಯದು.

ಹಾಗಾದರೆ ಇಸವಿ? ಅವರು ಹಾಸನ್ನು ಮಗುಚಿ ಆ ಅಂಕಿಗಳ ಹಿಂಭಾಗಕ್ಕೆ ಭೂತಕನ್ನಡಿ ಹಿಡಿದರು. ಆ ಬರವಣಿಗೆಯಲ್ಲಿ ಎರಡು ಮತ್ತು ಮೂರರ ಅಂಕಿಗೆ ವ್ಯತ್ಯಾಸ ಇರುವುದು ತಲೆಯ ಮೇಲಿನ ಒಂದೇ ಒಂದು ಹಲ್ಲಿನಲ್ಲಿ. ಮೂರರಿಂದ ಆ ಹಲ್ಲಿನ ಕೆಲವು ಗಂಟು ಕಿತ್ತು, ಹಿನ್ನೆಲೆಯ ನೀಲಿಯಲ್ಲಿ ಹೊಸ ಗಂಟು ಹಾಕಿದರೆ ಎರಡಾಗುತ್ತದೆ. ಎರಡನೇ ಅಂಕಿಯ ತಲೆಯ ಹತ್ತಿರ ಐದು ಗಂಟು ಉಬ್ಬಿಕೊಂಡು ಕೂತಿದ್ದವು. ಸುತ್ತಲಿನ ಗಂಟುಗಳು ತುಳಿದು ತುಳಿದು ಚಪ್ಪಟೆಯಾಗಿ ಹೊಳೆಯುತ್ತಿದ್ದರೆ, ಈ ಐದು ಮಾತ್ರ ಗುಂಡಗೆ, ಮೇಲೆ ಸಣ್ಣ ನಾರು ಎದ್ದುಕೊಂಡು. ನೀಲಿಯೂ ಒಂದು ಕೂದಲೆಳೆಯಷ್ಟು ಹಸಿರಿನ ಕಡೆ. ಅಂದರೆ ಮೊದಲು ಇದ್ದಿದ್ದು 1325. ಅದೇ ಲೆಕ್ಕ ಹಾಕಿ ನೋಡಿ, 40 ಕಳೆದು 622 ಕೂಡಿಸಿದರೆ 1907. ಫುಕ್ಸೀನ್ ಇರುವುದಕ್ಕೂ ತಾಳೆಯಾಗುತ್ತದೆ. ಐದು ಗಂಟಿನಲ್ಲಿ ಸುಮಾರು ನೂರು ವರ್ಷ ಸೇರಿಸಿದ್ದರು!

ಸವೆತವನ್ನೂ ಹೀಗೇ ಮಾಡಿದ್ದರು. ಹಳೆಯ ಹಾಸುಗಳಲ್ಲಿ ಕಡು ಕಂದು ಬಣ್ಣದ ಜಾಗ ಎಷ್ಟೋ ಸಲ ಬೇರೆ ಬಣ್ಣಕ್ಕಿಂತ ತಗ್ಗಿಗೆ ಇಳಿದಿರುತ್ತದೆ. ಆ ಬಣ್ಣ ಕೂರಿಸಲು ಹಾಕುವ ಕಬ್ಬಿಣದ ಅಂಶ ಉಣ್ಣೆಯನ್ನೇ ನಿಧಾನಕ್ಕೆ ತಿನ್ನುತ್ತದೆ, ಅದಕ್ಕೆ. ನನ್ನ ಹಾಸಿನಲ್ಲೂ ಕಂದು ತಗ್ಗಿಗಿತ್ತು, ಮಾರಿದವರು ನನ್ನ ಬೆರಳು ಹಿಡಿದು ಮುಟ್ಟಿಸಿ ತೋರಿಸಿದ್ದರು ಕೂಡ. ಆದರೆ ತಾನಾಗಿ ಸವೆದದ್ದು ಒಂದು ಕಡೆ ಬುಡದವರೆಗೆ, ಇನ್ನೊಂದು ಕಡೆ ಅರ್ಧ, ಹೀಗೆ ಏರುಪೇರಾಗಿರುತ್ತದೆ. ನನ್ನದರಲ್ಲಿ ಎಲ್ಲ ಕಂದು ಜಾಗವೂ ಒಂದೇ ಮಟ್ಟ, ತುದಿಗಳು ನೇರ. ಕತ್ತರಿ ಆಡಿಸಿದ್ದರು. ಕಾಲು ಬೀಳುವ ನಡುಭಾಗ ಮತ್ತು ಎಂದೂ ಕಾಲು ಬೀಳದ ಮೂಲೆ, ಎರಡೂ ಒಂದೇ ಸಮ ಸವೆದಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ?

ಗಂಟಿನ ಲೆಕ್ಕದಲ್ಲೂ ಇದೇ ಕಥೆ. ಹಿಂಭಾಗದಲ್ಲಿ ಒಂದು ಇಂಚು ಅಡ್ಡಕ್ಕೆ 16, ಉದ್ದಕ್ಕೆ 9, ಒಟ್ಟು 144 ಗಂಟು ಅಂತ ಮಾರಿದವರು ಎಣಿಸಿ ತೋರಿಸಿದ್ದರು. ಕಾಕಸಸ್ ಕಡೆಯ ಗಂಟು ಮಗ್ಗದಲ್ಲಿ ಉದ್ದಕ್ಕೆ ಎಳೆದ ಎರಡು ದಾರಗಳನ್ನು ಸುತ್ತಿ ನಿಲ್ಲುತ್ತದೆ, ಆ ಎರಡು ದಾರ ಒಂದೇ ಮಟ್ಟದಲ್ಲಿದ್ದರೆ ಹಿಂದೆ ಒಂದು ಗಂಟಿಗೆ ಎರಡು ಉಬ್ಬು ಕಾಣಿಸುತ್ತವೆ. ಅವರು ಎಣಿಸಿದ್ದು ಉಬ್ಬುಗಳನ್ನು. ನಿಜವಾಗಿ ಅಡ್ಡಕ್ಕೆ 8 ಗಂಟು, ಒಟ್ಟು 72. ಇದನ್ನು ಹಿಡಿಯುವುದು ಸುಲಭ, ತೆಳುವಾದ ಗೆರೆ ಇರುವ ಜಾಗ ನೋಡಿ. ಬಣ್ಣ ಯಾವಾಗಲೂ ಎರಡು ಉಬ್ಬಿಗೊಮ್ಮೆಯೇ ಬದಲಾಗುತ್ತಿದ್ದರೆ ಆ ಜೋಡಿಯೇ ಒಂದು ಗಂಟು. ಹಾಗಂತ 72 ಕಡಿಮೆಯೇನಲ್ಲ, ಹಳ್ಳಿಯಲ್ಲಿ ನೇಯ್ದ ಇಂಥ ಹಾಸುಗಳಿಗೆ ಅದು ಸಹಜ. ಇವುಗಳಲ್ಲಿ ಬೆಲೆ ನಿಲ್ಲುವುದು ಬಣ್ಣ, ವಿನ್ಯಾಸ, ಸ್ಥಿತಿಯ ಮೇಲೆ. ಗಂಟು ಜಾಸ್ತಿ ಇದ್ದರೆ ವಯಸ್ಸೂ ಜಾಸ್ತಿ ಅನ್ನುವ ಮಾತಂತೂ ಶುದ್ಧ ಸುಳ್ಳು.

ನನಗೆ ಅತಿ ಹೆಚ್ಚು ನೋವಾಗಿದ್ದು ಬೇರೆ ವಿಷಯಕ್ಕೆ. 1907ರ ಹಾಸಾಗಿ ಅದು ಚೆನ್ನಾಗಿಯೇ ಇತ್ತು. ಇಸವಿ ಮುಟ್ಟದೆ, ಕತ್ತರಿ ಹಾಕದೆ ಬಿಟ್ಟಿದ್ದರೆ ಮರ್ಯಾದೆಯ ಬೆಲೆ ಬರುತ್ತಿತ್ತು. ಕತ್ತರಿಸಿದ ಉಣ್ಣೆ ಮತ್ತೆ ಬರಬೇಕಾದರೆ ಆ ಜಾಗವನ್ನೆಲ್ಲ ಹೊಸದಾಗಿ ಗಂಟು ಹಾಕಿಸಬೇಕು, ಅದರ ಖರ್ಚು ಹಾಸಿನ ಬೆಲೆಯನ್ನೇ ಮೀರುತ್ತದೆ.

ವಾಪಸ್ ಕೊಡಲು ಹೋದೆ. ಬಿಲ್ಲಿನಲ್ಲಿ "ಹಳೆಯ ಕೈಗಂಟಿನ ಉಣ್ಣೆ ಹಾಸು" ಅಂತ ಮಾತ್ರ ಬರೆದಿತ್ತು, ಇಸವಿಯ ಸುದ್ದಿಯೇ ಇಲ್ಲ. ಅದನ್ನೇ ತೋರಿಸಿ ಕಳಿಸಿಬಿಟ್ಟರು. ನೀವು ತಗೊಳ್ಳುವಾಗ ಬಾಯಲ್ಲಿ ಹೇಳಿದ ವಯಸ್ಸು, ಬಣ್ಣ, ರಿಪೇರಿ ಮೂರನ್ನೂ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಅಂತ ಕೇಳಿ. ಬರೆಯಲು ಒಪ್ಪದಿದ್ದರೆ ಹಾಸನ್ನು ಅಲ್ಲೇ ಬಿಟ್ಟು ಬನ್ನಿ.