ಮಳೆಗಾಲದ ಜಿಗುಟು ಮುಖಕ್ಕೆ ಯಾವುದು: ಕೊಬ್ಬರಿ ಎಣ್ಣೆ, ಕೋಲ್ಡ್ ಕ್ರೀಮ್, ಜೆಲ್

ಮೊದಲೇ ಹೇಳಿಬಿಡುತ್ತೇನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಬ್ಬಳ್ಳಿ-ಧಾರವಾಡದ ಹವೆಗೆ ನನ್ನ ಆಯ್ಕೆ ಜೆಲ್. ಮೂರನ್ನೂ ಬಳಸಿ ನೋಡಿದ ಮೇಲೆ ಉಳಿದ ತೀರ್ಮಾನ ಇದು. ಜೆಲ್‌ಗೂ ಒಂದು ದೊಡ್ಡ ಕಿರಿಕಿರಿ ಇದೆ, ಅದರ ಬಗ್ಗೆ ಮುಂದೆ ಬಿಡಿಸಿ ಬರೆದಿದ್ದೇನೆ.

ಲೆಕ್ಕಕ್ಕೆ ಒಂದು ದಿನಚರಿ ಇಟ್ಟುಕೊಳ್ಳೋಣ. ಬೆಳಿಗ್ಗೆ ಧಾರವಾಡದಿಂದ ಹುಬ್ಬಳ್ಳಿಗೆ ಬೈಕ್, ತಲೆಗೆ ಹೆಲ್ಮೆಟ್, ಮೈಮೇಲೆ ರೇನ್‌ಕೋಟ್, ಸಂಜೆ ಅದೇ ಜಿಟಿಜಿಟಿ ಮಳೆಯಲ್ಲಿ ವಾಪಸ್. ಹೆಲ್ಮೆಟ್ಟಿನ ಒಳಗಿನ ಸ್ಪಂಜು ರಾತ್ರಿಯಿಡೀ ಇಟ್ಟರೂ ಒಣಗುವುದಿಲ್ಲ. ಎರಡು-ಮೂರು ವಾರದಲ್ಲಿ ಹಣೆಯ ಮೇಲೆ, ಕೂದಲಂಚಿನಲ್ಲಿ, ಬೆನ್ನಿನ ಮೇಲ್ಭಾಗದಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಏಳುತ್ತವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ, ಬೆವರಿದಾಗ ತುರಿಕೆ. ಜನ ಇದನ್ನು ಮೊಡವೆ ಅಂದುಕೊಳ್ಳುತ್ತಾರೆ. ಮೊಡವೆಯಾದರೆ ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಕಪ್ಪು ತಲೆಯವು, ಹೀಗೆ ಬೆರಕೆಯಾಗಿರುತ್ತದೆ, ತುರಿಕೆಯೂ ಕಡಿಮೆ. ಒಂದೇ ಅಳತೆಯ ತುರಿಸುವ ಗುಳ್ಳೆಗಳ ಹಿಂದೆ ಹೆಚ್ಚಾಗಿ ಮಲಸೇಝಿಯಾ ಎಂಬ ಯೀಸ್ಟ್ ಇರುತ್ತದೆ. ತಲೆಹೊಟ್ಟಿಗೂ, ಎದೆ-ಬೆನ್ನಿನ ಚಿಬ್ಬಿಗೂ ಇದೇ ಜೀವಿಯ ನಂಟು. ಇದಕ್ಕೆ ಮೊಡವೆಯ ಆಂಟಿಬಯಾಟಿಕ್ ತೆಗೆದುಕೊಂಡರೆ ಪೈಪೋಟಿಯ ಬ್ಯಾಕ್ಟೀರಿಯಾ ಸಾಯುತ್ತವೆ, ಯೀಸ್ಟ್ ಇನ್ನಷ್ಟು ಹಬ್ಬುತ್ತದೆ.

ಈ ಯೀಸ್ಟ್ ಎಲ್ಲರ ಚರ್ಮದ ಮೇಲೂ ಇದ್ದೇ ಇರುತ್ತದೆ. ಆದರೆ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ, ನಮ್ಮ ಚರ್ಮದ ಜಿಡ್ಡಿನಿಂದಲೇ ತೆಗೆದುಕೊಳ್ಳಬೇಕು. ಸರಪಳಿಯಲ್ಲಿ 11ರಿಂದ 24 ಇಂಗಾಲದ ಪರಮಾಣುಗಳಿರುವ ಕೊಬ್ಬಿನಾಮ್ಲಗಳು ಅದರ ಆಹಾರ ಎನ್ನುತ್ತಾರೆ. ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ಅದರ ಸರಪಳಿ 12. ನಮ್ಮ ಕಡೆ ಮನೆಯಲ್ಲಿರುವ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳಲ್ಲಿ ಹೆಚ್ಚಿನದು 18ರದ್ದು. ಹಾಗಾಗಿ ಎಣ್ಣೆ ಬದಲಿಸಿದರೆ ಪರಿಹಾರ ಸಿಗುವುದಿಲ್ಲ. ಇಲ್ಲಿ ಒಂದು ಮಿತಿ ಹೇಳಲೇಬೇಕು: ಈ ಲೆಕ್ಕವೆಲ್ಲ ಪ್ರಯೋಗಾಲಯದ ತಟ್ಟೆಯದು, ಲಾರಿಕ್ ಆಮ್ಲಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವೂ ಇದೆ. ಹಚ್ಚಿಕೊಂಡವರಿಗೆಲ್ಲ ಗುಳ್ಳೆ ಏಳುತ್ತದೆ ಎಂದಲ್ಲ. ಆದರೆ ಹೆಲ್ಮೆಟ್ಟಿನ ಕೆಳಗೆ, ಒಣಗದ ಬೆವರಿನ ಮೇಲೆ ಎಣ್ಣೆಯ ಪದರ ಕೂತರೆ ಆ ಹಣೆ ಮುಚ್ಚಿದ ಪಾತ್ರೆಯಂತಾಗುತ್ತದೆ. ಮಳೆಗಾಲದಲ್ಲಿ ಮುಖಕ್ಕೆ ಎಣ್ಣೆ ಬೇಡ.

ಕೋಲ್ಡ್ ಕ್ರೀಮ್ ಬಗ್ಗೆ ಎರಡೇ ಮಾತು. ಡಿಸೆಂಬರ್‌ನ ಒಣಗಾಳಿಗೆ ಅದು ಸರಿ, ಯಾಕೆಂದರೆ ಆಗ ಚರ್ಮದ ನೀರು ಹಾರಿಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಅಷ್ಟು ದಪ್ಪ ಮುಚ್ಚಳ ಬೇಕಿಲ್ಲ. ಅದಕ್ಕಿಂತ ಮುಖ್ಯವಾದದ್ದು ಲೇಬಲ್. ಐಸೋಪ್ರೊಪೈಲ್ ಮಿರಿಸ್ಟೇಟ್, ಗ್ಲಿಸೆರೈಲ್ ಸ್ಟಿಯರೇಟ್, ಪಾಲಿಸಾರ್ಬೇಟ್ ಇವೆಲ್ಲ ಕೊಬ್ಬಿನಾಮ್ಲದಿಂದಲೇ ತಯಾರಾದವು. ಪಾಲಿಸಾರ್ಬೇಟಂತೂ ಲ್ಯಾಬಿನಲ್ಲಿ ಮಲಸೇಝಿಯಾ ಬೆಳೆಸಲು ಬಳಸುವ ಪದಾರ್ಥ. "ಲೈಟ್ ಲೋಷನ್" ಎಂದು ಬರೆದ ಬಾಟಲಿಯಲ್ಲೂ ಇವು ಇರುತ್ತವೆ. ತೆಳ್ಳಗಿದೆ ಅಂದಮಾತ್ರಕ್ಕೆ ನಂಬಬೇಡಿ, ಹಿಂಬದಿ ಓದಿ. ಲಿಕ್ವಿಡ್ ಪ್ಯಾರಾಫಿನ್, ಸ್ಕ್ವಾಲೇನ್, ಡೈಮೆಥಿಕೋನ್ ಇದ್ದರೆ ಈ ಭಯವಿಲ್ಲ, ಅವು ಯೀಸ್ಟಿಗೆ ಆಹಾರವಾಗುವುದಿಲ್ಲ.

ಈಗ ಜೆಲ್. ನೀರು, ಗ್ಲಿಸರಿನ್, ನಿಯಾಸಿನಮೈಡ್, ಸ್ವಲ್ಪ ಡೈಮೆಥಿಕೋನ್, ಗಟ್ಟಿ ಮಾಡಲು ಕಾರ್ಬೋಮರ್: ಪಟ್ಟಿ ಇಷ್ಟು ಚಿಕ್ಕದಿದ್ದರೆ ಒಳ್ಳೆಯದು. ಒಮ್ಮೆಗೆ ಬಟಾಣಿ ಕಾಳಿನಷ್ಟು, ಸುಮಾರು ಅರ್ಧ ಗ್ರಾಂ ಸಾಕು. ದಿನಕ್ಕೆರಡು ಸಲ ಹಚ್ಚಿದರೂ 50 ಗ್ರಾಂ ಟ್ಯೂಬು 50 ದಿನ ಬರುತ್ತದೆ, ಇಡೀ ಮಳೆಗಾಲಕ್ಕೆ ಎರಡು-ಮೂರು ಟ್ಯೂಬು.

ಕಿರಿಕಿರಿ ಶುರುವಾಗುವುದು ಸನ್‌ಸ್ಕ್ರೀನ್ ಹಚ್ಚುವಾಗ. ಜೆಲ್ ಮೇಲೆ ಅದನ್ನು ಉಜ್ಜಿದ ಕೂಡಲೇ ರಬ್ಬರಿನಿಂದ ಅಳಿಸಿದಾಗ ಉದುರುವ ಪುಡಿಯಂತೆ ಬಿಳಿ ಎಳೆಗಳು ಸುರುಳಿ ಸುತ್ತಿಕೊಂಡು ಏಳುತ್ತವೆ. ಮುಖ ತೊಳೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಆಫೀಸಿಗೆ ಹೊತ್ತಾಗಿರುತ್ತದೆ. ಕಾರಣ ಕಾರ್ಬೋಮರ್. ಅದು ಒಣಗಿ ಚರ್ಮದ ಮೇಲೆ ತೆಳು ಪೊರೆಯಾಗಬೇಕು. ಬೇಸಿಗೆಯಲ್ಲಿ ಎರಡೇ ನಿಮಿಷದಲ್ಲಿ ಆಗುವ ಈ ಕೆಲಸ, ಗಾಳಿಯಲ್ಲಿ ತೇವ ತುಂಬಿರುವಾಗ ತಡವಾಗುತ್ತದೆ. ಅರ್ಧ ಒಣಗಿದ ಪೊರೆಯ ಮೇಲೆ ಬೆರಳು ಓಡಾಡಿದರೆ ಅದು ಕಿತ್ತು ಸುರುಳಿಯಾಗುತ್ತದೆ.

ಇನ್ನೊಂದು ಕಾರಣ ಉಪ್ಪು. ಕಾರ್ಬೋಮರ್ ಜೆಲ್‌ಗೆ ಉಪ್ಪು ತಾಗಿದರೆ ಗಟ್ಟಿತನ ಕಳೆದುಕೊಂಡು ನೀರಾಗುತ್ತದೆ. ಬೆವರಿನಲ್ಲಿ ಇರುವುದೂ ಉಪ್ಪೇ. ಬೆವರಿದ ಮುಖಕ್ಕೆ ಹಚ್ಚಿದಾಗ ಜೆಲ್ ಜಾರಿ ಒಂದು ಕಡೆ ಗುಡ್ಡೆ, ಒಂದು ಕಡೆ ಖಾಲಿ ಆಗುವುದು ಇದರಿಂದಲೇ. ಅಂಗೈ ಮೇಲೆ ಒಂದು ಹನಿ ಜೆಲ್ ಇಟ್ಟು ಚಿಟಿಕೆ ಉಪ್ಪು ಹಾಕಿ ತಿಕ್ಕಿ ನೋಡಿ, ಕಣ್ಣೆದುರೇ ಕರಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಸ್ನಾನವಾದ ಮೇಲೆ ಫ್ಯಾನ್ ಕೆಳಗೆ ನಿಂತು ಬೆವರು ಆರಿಸಿಕೊಳ್ಳಿ. ಆಮೇಲೆ ಮುಖಕ್ಕೆ ಬರೀ ನೀರು ಮುಟ್ಟಿಸಿ, ಟವೆಲ್ಲಿನಿಂದ ಒತ್ತಿ, ಸ್ವಲ್ಪ ಹಸಿ ಇರುವಾಗಲೇ ಜೆಲ್ ಹಚ್ಚಿ. ಬಟಾಣಿಗಿಂತ ಹೆಚ್ಚು ಬೇಡ, ಸುರುಳಿ ಏಳಲು ಅರ್ಧ ಕಾರಣ ಹೆಚ್ಚಾದ ಜೆಲ್. ನಂತರ ಎಂಟು-ಹತ್ತು ನಿಮಿಷ ಬಿಡಿ. ಚಹಾ ಕುಡಿಯಲು, ಡಬ್ಬಿ ಕಟ್ಟಲು ಅಷ್ಟು ಹೊತ್ತು ಹೇಗೂ ಬೇಕು. ಬೆರಳ ಹಿಂಬದಿ ತಾಗಿಸಿದರೆ ಅಂಟಬಾರದು. ಆಗ ಸನ್‌ಸ್ಕ್ರೀನನ್ನು ಉಜ್ಜದೆ, ಎರಡು ಭಾಗ ಮಾಡಿಕೊಂಡು ತಟ್ಟಿ ತಟ್ಟಿ ಕೂಡಿಸಿ. ಇಷ್ಟಾದರೂ ಸುರುಳಿ ಏಳುತ್ತಿದ್ದರೆ ಆ ಜೋಡಿಯೇ ಹೊಂದುವುದಿಲ್ಲ. ಮುಖದ ಚರ್ಮ ಬಿಗಿಯುವುದಿಲ್ಲ ಎನ್ನುವವರು ಬೆಳಿಗ್ಗೆ ಜೆಲ್ ಬಿಟ್ಟು ಬರೀ ಸನ್‌ಸ್ಕ್ರೀನ್ ಹಚ್ಚಿ, ಜೆಲ್ ರಾತ್ರಿಗೆ ಇರಲಿ.

ಗುಳ್ಳೆ ಆಗಲೇ ಎದ್ದಿದ್ದರೆ ಜೆಲ್ ಅದನ್ನು ವಾಸಿ ಮಾಡುವುದಿಲ್ಲ. ಬೆನ್ನು-ಎದೆಯ ಚಿಬ್ಬಿಗೆ 2% ಕೀಟೋಕೊನಜೋಲ್ ಶಾಂಪೂವನ್ನು ಒದ್ದೆ ಚರ್ಮಕ್ಕೆ ಹಚ್ಚಿ, ನೊರೆ ಮಾಡಿ, ಐದು ನಿಮಿಷ ಬಿಟ್ಟು ತೊಳೆಯುವುದು, ದಿನಕ್ಕೊಮ್ಮೆಯಂತೆ ಐದು ದಿನ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ಔಷಧಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಯೀಸ್ಟ್ ಹೋದ ಮೇಲೂ ಬಿಳಿ ಮಚ್ಚೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಟ್ಟಿದರೆ ಹೊಟ್ಟು ಉದುರದಿದ್ದರೆ ಗಾಬರಿ ಬೇಡ, ಬಣ್ಣ ನಿಧಾನಕ್ಕೆ ಬರುತ್ತದೆ. ಕೂದಲಿನ ಬುಡದೊಳಗೆ ಇಳಿದ ಗುಳ್ಳೆಗೆ ಶಾಂಪೂ ಸಾಲದೆ ಹೋಗಬಹುದು, ಆಗ ಚರ್ಮದ ಡಾಕ್ಟರರು ಗುಳಿಗೆ ಕೊಡುತ್ತಾರೆ.

ತೊಡೆಸಂದಿಯಲ್ಲಿ, ಸೊಂಟದಲ್ಲಿ ಉಂಗುರದಂತೆ ಹಬ್ಬುವ ಹುಳುಕಡ್ಡಿ ಬೇರೆಯೇ ಶಿಲೀಂಧ್ರ. ಅದಕ್ಕೆ ಜಿಡ್ಡು ಬೇಕಿಲ್ಲ, ಚರ್ಮದ ಕೆರಾಟಿನ್ನನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಬೆರಕೆ ಟ್ಯೂಬುಗಳಲ್ಲಿ ಕ್ಲೊಬೆಟಾಸೋಲ್‌ನಂಥ ಸ್ಟೀರಾಯ್ಡ್ ಇದ್ದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ, ಉಂಗುರದ ಅಂಚು ಮಾಸಿ ಗುರುತೂ ಸಿಗದಂತಾಗುತ್ತದೆ. ಆ ಟ್ಯೂಬನ್ನು ಮುಟ್ಟಬೇಡಿ.

ಹೆಲ್ಮೆಟ್ ಒಳಗೆ ಒಂದು ತೆಳು ಹತ್ತಿ ಅರಿವೆ ಕಟ್ಟಿಕೊಳ್ಳಿ, ದಿನಾ ಬದಲಿಸಿ. ಅರಿವೆ ಒಣಗದ ದಿನ ಇಸ್ತ್ರಿ ಹಾಕಿಯಾದರೂ ಒಣಗಿಸಿ. ಕೊಬ್ಬರಿ ಎಣ್ಣೆಯನ್ನು ಹಿಮ್ಮಡಿಗೂ ಕೂದಲ ತುದಿಗೂ ಇಟ್ಟುಕೊಳ್ಳಿ. ಕೋಲ್ಡ್ ಕ್ರೀಮ್ ಡಬ್ಬಿ ದೀಪಾವಳಿ ಕಳೆದು, ತುಟಿ ಒಡೆಯಲು ಶುರುವಾದ ಮೇಲೆ ಹೊರಗೆ ಬರಲಿ.