ಪಿಸಿಐಇ 3.0 ಬೋರ್ಡಿನಲ್ಲಿ ಮೂರು ಗ್ರಾಫಿಕ್ಸ್ ಕಾರ್ಡ್‌ಗಳು: ಆರ್‌ಎಕ್ಸ್ 6600, ಆರ್‌ಎಕ್ಸ್ 6500 ಎಕ್ಸ್‌ಟಿ ಮತ್ತು ಆರ್‌ಎಕ್ಸ್ 580

ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್‌ಗಳು 2018ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳ ಮೇಲೆ ಕಟ್ಟಿದ ಕಂಪ್ಯೂಟರುಗಳು ನಮ್ಮಲ್ಲಿ ಇಂದಿಗೂ ಬಹಳಷ್ಟು ಮನೆಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಅವುಗಳಿಗೆ ಕಡಿಮೆ ಖರ್ಚಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದು ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಬೋರ್ಡಿನ ಮೊದಲ ಸ್ಲಾಟ್‌ನಲ್ಲಿ ಮಾಹಿತಿ ಸಾಗುವ 16 ಲೇನ್‌ಗಳಿದ್ದರೂ ಅವು ಪಿಸಿಐಇ ಎಂಬ ಸಂಪರ್ಕ ವ್ಯವಸ್ಥೆಯ 3.0 ಆವೃತ್ತಿಯ ವೇಗದವು, ಅನಂತರ ಬಂದ ಅನೇಕ ಅಗ್ಗದ ಕಾರ್ಡ್‌ಗಳು ಪಿಸಿಐಇ 4.0 ವೇಗದವಾದರೂ ತಯಾರಕರು ಅವುಗಳಲ್ಲಿ 8 ಅಥವಾ 4 ಲೇನ್‌ಗಳನ್ನು ಮಾತ್ರ ಇಟ್ಟಿರುತ್ತಾರೆ. ಕಾರ್ಡಿನ ಅಂಚು ಪೂರ್ತಿ ಉದ್ದವಿದ್ದು ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆಯಾದ್ದರಿಂದ ಹೊರನೋಟಕ್ಕೆ ಈ ಕೊರತೆ ಕಾಣುವುದಿಲ್ಲ. ಹಳೆಯ ಬೋರ್ಡ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ, ಕಾರ್ಡ್ ಲೇನ್‌ಗಳ ಸಂಖ್ಯೆಯನ್ನು ಅರ್ಧಕ್ಕೋ ಕಾಲಿಗೋ ಇಳಿಸುತ್ತದೆ, ಈ ಎರಡು ಕಡಿತಗಳೂ ಒಂದರ ಮೇಲೊಂದು ಬೀಳುತ್ತವೆ.

ಇದರಿಂದ ನಿಜವಾಗಿ ಎಷ್ಟು ನಷ್ಟವಾಗುತ್ತದೆ ಎಂದು ತಿಳಿಯಲು ನಾನು ಮೂರು ಕಾರ್ಡ್‌ಗಳನ್ನು ಹೋಲಿಸಿದೆ. ಆರ್‌ಎಕ್ಸ್ 6600 ಕಾರ್ಡಿನಲ್ಲಿ 8 ಲೇನ್‌ಗಳೂ 8 ಜಿಬಿ ಮೆಮೊರಿಯೂ ಇವೆ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಇರುವುದು 4 ಲೇನ್ ಮತ್ತು 4 ಜಿಬಿ. ಮೂರನೆಯದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ, 2017ರ ಆರ್‌ಎಕ್ಸ್ 580ರ 8 ಜಿಬಿ ಮಾದರಿ. ಅದು ಪಿಸಿಐಇ 3.0 ಕಾಲದ್ದೇ ಆದರೂ ಪೂರ್ಣ 16 ಲೇನ್‌ಗಳನ್ನು ಬಳಸುತ್ತದೆ. ಪ್ರೊಸೆಸರ್ ಎಲ್ಲ ಪರೀಕ್ಷೆಗಳಲ್ಲೂ ರೈಜನ್ 5 3600. ಬೋರ್ಡ್ ಬದಲಾದರೆ ಮೆಮೊರಿಯ ಹೊಂದಾಣಿಕೆಯಂಥ ಬೇರೆ ವ್ಯತ್ಯಾಸಗಳೂ ನುಸುಳಿ ಫಲಿತಾಂಶವನ್ನು ಕದಡುತ್ತವೆ. ಆದ್ದರಿಂದ ಮುಖ್ಯ ಅಳತೆಗಳನ್ನು ಬಿ550 ಬೋರ್ಡೊಂದರಲ್ಲಿಯೇ ಮಾಡಿ, ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನು ಒಮ್ಮೆ 4.0 ಎಂದೂ ಮತ್ತೊಮ್ಮೆ 3.0 ಎಂದೂ ಗೊತ್ತುಪಡಿಸಿದೆ. ಅನಂತರ ಅವೇ ಕಾರ್ಡ್‌ಗಳನ್ನು ಬಿ450 ಬೋರ್ಡಿಗೆ ಹಾಕಿ ಫಲಿತಾಂಶ ತಾಳೆಯಾಗುವುದನ್ನು ಖಚಿತಪಡಿಸಿಕೊಂಡೆ.

ಅಳತೆಗೆ ಮುಂಚೆ ಒಂದು ಸಣ್ಣ ಲೆಕ್ಕವನ್ನು ನೋಡುವುದು ಒಳ್ಳೆಯದು. ಪಿಸಿಐಇ 3.0ರ ಒಂದು ಲೇನ್ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 985 ಎಂಬಿ ಸಾಗಿಸಬಲ್ಲದು, 4.0ರ ಲೇನ್ ಅದರ ಎರಡರಷ್ಟು. ಹಾಗಾಗಿ 6600 ಕಾರ್ಡಿಗೆ 4.0 ಸ್ಲಾಟಿನಲ್ಲಿ ಸೆಕೆಂಡಿಗೆ 15.8 ಜಿಬಿಯಷ್ಟು ದಾರಿ ಸಿಕ್ಕರೆ 3.0 ಸ್ಲಾಟಿನಲ್ಲಿ 7.9 ಜಿಬಿ ಸಿಗುತ್ತದೆ. 6500 ಎಕ್ಸ್‌ಟಿಗೆ 3.0 ಸ್ಲಾಟಿನಲ್ಲಿ ಸಿಗುವುದು ಬರೀ 3.9 ಜಿಬಿ. ಸೆಕೆಂಡಿಗೆ 60 ಫ್ರೇಮ್‌ಗಳ ಆಟದಲ್ಲಿ ಇದನ್ನು 60ರಿಂದ ಭಾಗಿಸಿದರೆ, ಒಂದು ಫ್ರೇಮ್ ಮೂಡುವಷ್ಟರಲ್ಲಿ ಸ್ಲಾಟಿನ ಮೂಲಕ ಕಾರ್ಡಿಗೆ ಎಷ್ಟು ಮಾಹಿತಿ ತಲುಪಬಹುದೆಂದು ತಿಳಿಯುತ್ತದೆ: 6600ಕ್ಕೆ ಹೆಚ್ಚೆಂದರೆ 131 ಎಂಬಿ, 6500 ಎಕ್ಸ್‌ಟಿಗೆ 66 ಎಂಬಿ. ಇದಕ್ಕೆ ಪ್ರತಿಯಾಗಿ 6600 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 224 ಜಿಬಿ ಓದಬಲ್ಲದು. ಆಟಕ್ಕೆ ಬೇಕಾದ ಟೆಕ್ಸ್ಚರ್‌ಗಳೆಲ್ಲ ಕಾರ್ಡಿನ ಮೆಮೊರಿಯೊಳಗೇ ಇದ್ದರೆ ಸ್ಲಾಟಿನ ಮೂಲಕ ಹಾಯುವುದು ಪ್ರೊಸೆಸರ್ ಕೊಡುವ ಆದೇಶಗಳು ಮತ್ತು ಆಗಾಗ ಬರುವ ಹೊಸ ಟೆಕ್ಸ್ಚರ್‌ಗಳು ಮಾತ್ರ, ಅದಕ್ಕೆ 131 ಎಂಬಿ ಧಾರಾಳವಾಗಿ ಸಾಕು. ಮೆಮೊರಿ ತುಂಬಿ ಟೆಕ್ಸ್ಚರ್‌ಗಳು ಕಂಪ್ಯೂಟರಿನ ರ್‍ಯಾಮ್‌ಗೆ ಹೊರಳಿದರೆ ಪ್ರತಿ ಫ್ರೇಮಿಗೂ ಅವನ್ನು ಈ ಕಿರಿದಾದ ದಾರಿಯಿಂದಲೇ ತರಬೇಕು. ನಷ್ಟ ಎಷ್ಟಾಗುತ್ತದೆ ಎಂಬುದು ಹೆಚ್ಚಾಗಿ ನಿರ್ಧಾರವಾಗುವುದು ಇಲ್ಲಿಯೇ.

ಕಾರ್ಡ್ ಎಷ್ಟು ಲೇನ್‌ಗಳಲ್ಲಿ, ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಊಹಿಸದೆ ನೋಡಿಯೇ ತಿಳಿಯಬೇಕು. ವಿಂಡೋಸ್‌ನಲ್ಲಿ ಜಿಪಿಯು-ಝಡ್ ಎಂಬ ಉಪಕರಣದ `Bus Interface` ಸಾಲಿನಲ್ಲಿ ಅದು ಸಿಗುತ್ತದೆ. ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
lspci | grep -i navi
sudo lspci -vv -s 01:00.0 | grep LnkSta:
```

ಇಲ್ಲಿ ಅನೇಕರು ದಾರಿ ತಪ್ಪುವ ಒಂದು ಅಂಶವಿದೆ. 6600 ಮತ್ತು 6500 ಎಕ್ಸ್‌ಟಿ ಚಿಪ್‌ಗಳ ಒಳಗೆ ಒಂದು ಪಿಸಿಐಇ ಸ್ವಿಚ್ ಇರುತ್ತದೆ. ಗ್ರಾಫಿಕ್ಸ್ ಸಾಧನವೆಂದು ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ಕೇಳಿದರೆ ಆ ಸ್ವಿಚ್ಚಿನ ಒಳಗಿನ ಸಂಪರ್ಕದ ವಿವರ ಬಂದು, ಹಳೆಯ ಬೋರ್ಡಿನಲ್ಲೂ `Speed 16GT/s, Width x16` ಎಂದೇ ತೋರಿಸುತ್ತದೆ. ನಿಜವಾದ ಸ್ಥಿತಿ ತಿಳಿಯಬೇಕಾದರೆ ಮೊದಲ ಆದೇಶದ ಉತ್ತರದಲ್ಲಿ `Upstream Port` ಎಂದಿರುವ ಸಾಲಿನ ವಿಳಾಸವನ್ನು ಎರಡನೆಯ ಆದೇಶಕ್ಕೆ ಕೊಡಬೇಕು. ನನ್ನಲ್ಲಿ ಅದು 01:00.0 ಆಗಿತ್ತು, ಮತ್ತು 6600ಕ್ಕೆ ಬಿ450 ಬೋರ್ಡಿನಲ್ಲಿ `8GT/s` ಹಾಗೂ `x8` ಎಂಬ ಸರಿಯಾದ ಉತ್ತರ ಬಂತು. ಕೆಲಸವಿಲ್ಲದಿರುವಾಗ ವಿದ್ಯುತ್ ಉಳಿಸಲು ಸಂಪರ್ಕದ ವೇಗವೇ ಇಳಿಯಬಹುದಾದ್ದರಿಂದ, ಹಿನ್ನೆಲೆಯಲ್ಲಿ ಆಟವೊಂದು ಓಡುತ್ತಿರುವಾಗ ಈ ಪರಿಶೀಲನೆ ಮಾಡಬೇಕು.

ಈಗ ಫಲಿತಾಂಶಕ್ಕೆ ಬರೋಣ. ಶ್ಯಾಡೋ ಆಫ್ ದ ಟೂಂಬ್ ರೈಡರ್ ಆಟದಲ್ಲಿಯೇ ಇರುವ ಬೆಂಚ್‌ಮಾರ್ಕನ್ನು 1080ಪಿ ರೆಸಲ್ಯೂಷನ್‌ನಲ್ಲಿ, ಗುಣಮಟ್ಟವನ್ನು ಅತ್ಯುನ್ನತ ಮಟ್ಟಕ್ಕಿಟ್ಟು ಓಡಿಸಿದಾಗ 6600 ಕಾರ್ಡ್ 4.0 ವೇಗದಲ್ಲಿ ಸೆಕೆಂಡಿಗೆ 110 ಫ್ರೇಮ್‌ಗಳ ಆಸುಪಾಸಿನಲ್ಲಿತ್ತು. ಅದನ್ನೇ 3.0ಕ್ಕೆ ಇಳಿಸಿದಾಗ ನೂರಕ್ಕೆ ಎರಡು ಮೂರರಷ್ಟು ಕಡಿಮೆಯಾಯಿತು. ಅದು ಆಡುವಾಗ ಗೊತ್ತಾಗುವಂಥದ್ದಲ್ಲ, ಒಂದು ಓಟಕ್ಕೂ ಮತ್ತೊಂದು ಓಟಕ್ಕೂ ತಾನಾಗಿ ಬರುವ ಏರಿಳಿತಕ್ಕಿಂತ ಸ್ವಲ್ಪವೇ ಹೆಚ್ಚು. ಸೈಬರ್‌ಪಂಕ್ 2077 ಆಟದಲ್ಲಿ ರೇ ಟ್ರೇಸಿಂಗ್ ಚಾಲೂ ಮಾಡಿ 8 ಜಿಬಿ ಮೆಮೊರಿಯನ್ನು ಭರ್ತಿ ಮಾಡಿದಾಗ ವ್ಯತ್ಯಾಸ ಹಿಗ್ಗಿದ್ದು ನಿಜ. ಆದರೆ ಆ ಹಂತದಲ್ಲಿ ಈ ಕಾರ್ಡ್ 4.0 ಸ್ಲಾಟಿನಲ್ಲೂ ಆಡುವಷ್ಟು ವೇಗ ಕೊಡುವುದಿಲ್ಲವಾದ್ದರಿಂದ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

6500 ಎಕ್ಸ್‌ಟಿಯ ಕಥೆ ಪೂರ್ತಿ ಬೇರೆ. ಟೂಂಬ್ ರೈಡರ್ ಅದೇ ಗುಣಮಟ್ಟದಲ್ಲಿ 4 ಜಿಬಿಗಿಂತ ಹೆಚ್ಚು ಮೆಮೊರಿ ಕೇಳುತ್ತದೆ. 4.0 ವೇಗದಲ್ಲಿ ಈ ಕಾರ್ಡ್ ಸರಾಸರಿ 60 ಫ್ರೇಮ್‌ಗಳ ಹತ್ತಿರ ಹೇಗೋ ನಿಂತಿತ್ತು, 3.0ಕ್ಕೆ ಇಳಿಸಿದಾಗ ಸರಾಸರಿಯೇ ಸುಮಾರು ಕಾಲು ಭಾಗ ಕುಸಿಯಿತು. ಸರಾಸರಿಗಿಂತ ಹೆಚ್ಚು ಕಾಡಿದ್ದು ಫ್ರೇಮ್‌ಗಳ ನಡುವಿನ ಅಂತರ. ಹೊಸ ಓಣಿಗೆ ತಿರುಗಿದಾಗ, ದೃಶ್ಯ ಬದಲಾದಾಗ ಚಿತ್ರ ಒಂದು ಕ್ಷಣ ತಡೆದು ನಿಂತು ಮತ್ತೆ ಸಾಗುತ್ತಿತ್ತು, ಮತ್ತು ಅತ್ಯಂತ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮ್‌ಗಳ ವೇಗ ಸರಾಸರಿಗಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಬಿದ್ದಿತ್ತು. ಟೆಕ್ಸ್ಚರ್‌ಗಳನ್ನು ಮಧ್ಯಮ ಮಟ್ಟಕ್ಕೆ ಇಳಿಸಿ, ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟಾಗ ಈ ತಡೆ ಬಹುಮಟ್ಟಿಗೆ ಮಾಯವಾಯಿತು, ಎರಡು ವೇಗಗಳ ನಡುವಿನ ಅಂತರವೂ ಶೇಕಡಾ ಹತ್ತರೊಳಕ್ಕೆ ಬಂತು.

ನಿಮ್ಮ ಯಂತ್ರದಲ್ಲಿ ಹೀಗಾಗುತ್ತಿದೆಯೇ ಎಂದು ಪತ್ತೆ ಮಾಡುವ ವಿಧಾನವೂ ಇದರಲ್ಲಿಯೇ ಇದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟವನ್ನು ತೆರೆದಿಟ್ಟು `Dedicated GPU memory` ಮತ್ತು `Shared GPU memory` ಎಂಬ ಎರಡು ರೇಖೆಗಳನ್ನು ಗಮನಿಸಬೇಕು. ಮೊದಲನೆಯದು ತನ್ನ ಮಿತಿಗೆ ಅಂಟಿಕೊಂಡು, ಎರಡನೆಯದು ಸಾಮಾನ್ಯವಾದ ಕೆಲವು ನೂರು ಎಂಬಿಯನ್ನು ದಾಟಿ ಒಂದೆರಡು ಜಿಬಿಯತ್ತ ಏರಿದರೆ ಟೆಕ್ಸ್ಚರ್‌ಗಳು ರ್‍ಯಾಮ್‌ಗೆ ಹೊರಳಿವೆ ಎಂದೇ ಅರ್ಥ. ಆಗ ಟೆಕ್ಸ್ಚರ್ ಮಟ್ಟವನ್ನು ಒಂದು ಹಂತ ಇಳಿಸಿ ನೋಡಬೇಕು. ಅಷ್ಟರಿಂದಲೇ ಆಟ ಸರಾಗವಾದರೆ ತೊಂದರೆ ಸ್ಲಾಟಿನದು. ನೆರಳು, ಬೆಳಕುಗಳ ಮಟ್ಟ ಇಳಿಸಿದಾಗ ಮಾತ್ರ ವೇಗ ಏರಿದರೆ ಕಾರ್ಡಿನ ಸ್ವಂತ ಶಕ್ತಿಯೇ ಸಾಲುತ್ತಿಲ್ಲ, ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ.

ಆರ್‌ಎಕ್ಸ್ 580 ಈ ಹೋಲಿಕೆಯಲ್ಲಿ ಎದ್ದು ನಿಂತದ್ದು ಇದೇ ಕಾರಣಕ್ಕೆ. 3.0 ಸ್ಲಾಟಿನಲ್ಲಿ 16 ಲೇನ್‌ಗಳನ್ನೂ ಬಳಸುವ ಅದಕ್ಕೆ, 4.0 ಸ್ಲಾಟಿನಲ್ಲಿ 6600ಕ್ಕೆ ಎಷ್ಟು ದಾರಿ ಸಿಗುತ್ತದೆಯೋ ಅಷ್ಟೇ ದಾರಿ ಸಿಗುತ್ತದೆ. ಮೆಮೊರಿಯೂ 8 ಜಿಬಿ. ಬಿ450 ಬೋರ್ಡಿನಲ್ಲಿ ಟೆಕ್ಸ್ಚರ್‌ಗಳನ್ನು ಅತ್ಯುನ್ನತ ಮಟ್ಟದಲ್ಲಿಟ್ಟು ಆಡಿದರೆ ಐದು ವರ್ಷ ಹೊಸತಾದ 6500 ಎಕ್ಸ್‌ಟಿಗಿಂತ ಇದು ಹೆಚ್ಚು ಸಮವಾಗಿ ಓಡುತ್ತದೆ, ಮತ್ತು 6500 ಎಕ್ಸ್‌ಟಿಯಲ್ಲಿ ಇಲ್ಲದ ವಿಡಿಯೊ ಎನ್‌ಕೋಡರ್ ಇದರಲ್ಲಿದೆ. ಆದರೆ ಇದು 185 ವಾಟ್‌ಗಳ ಕಾರ್ಡ್, ಪವರ್ ಸಪ್ಲೈ ಅದಕ್ಕೆ ತಕ್ಕಂತಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಕಾರ್ಡ್ ಕೊಳ್ಳುವಾಗ ಅದು ವರ್ಷಗಟ್ಟಲೆ ಹಗಲಿರುಳು ಮೈನಿಂಗ್ ಮಾಡಿದ್ದಿರಬಹುದು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅಂಗಡಿಯಲ್ಲಿಯೇ ಸ್ವಲ್ಪ ಹೊತ್ತು ಪೂರ್ಣ ಭಾರ ಕೊಟ್ಟು ಓಡಿಸಿ ನೋಡುವುದು ಲೇಸು.

ಬಿ450 ಬೋರ್ಡಿನಲ್ಲಿ ಇಷ್ಟೇ ಉದ್ದದ ಎರಡನೆಯ ಸ್ಲಾಟ್ ಇದ್ದರೆ ಅದು ಸಾಮಾನ್ಯವಾಗಿ ಚಿಪ್‌ಸೆಟ್ ಮೂಲಕ ಬರುವ ಪಿಸಿಐಇ 2.0ರ 4 ಲೇನ್‌ಗಳದ್ದು, ಸೆಕೆಂಡಿಗೆ ಹೆಚ್ಚೆಂದರೆ 2 ಜಿಬಿ. ಗಾಳಿಯಾಡಲೆಂದೋ ಮೊದಲ ಸ್ಲಾಟ್ ಸಡಿಲವಾಗಿದೆಯೆಂದೋ 6600 ಕಾರ್ಡನ್ನು ಅಲ್ಲಿಗೆ ಹಾಕಿದವರಿದ್ದಾರೆ. ನಾನೂ ಹಾಕಿ ನೋಡಿದೆ: ಮೆಮೊರಿ ತುಂಬದ ಆಟಗಳಲ್ಲಿಯೂ ಶೇಕಡಾ ಹದಿನೈದರಿಂದ ಇಪ್ಪತ್ತು ವೇಗ ಹೋಯಿತು. ಫ್ರೇಮ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಪ್ರತಿ ಫ್ರೇಮಿಗೆ ಸಿಗುವ ಪಾಲು ಕಡಿಮೆಯಾಗುವುದರಿಂದ ನಷ್ಟವೂ ಹೆಚ್ಚಿತು. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರಿಗೆ ಮಾತ್ರ ಇದರಿಂದ ಬಾಧೆಯಿಲ್ಲ, ಏಕೆಂದರೆ ದೃಶ್ಯವೆಲ್ಲ ಆರಂಭದಲ್ಲಿ ಒಮ್ಮೆ ಕಾರ್ಡಿಗೆ ಹೋದ ಮೇಲೆ ಕೆಲಸವೆಲ್ಲ ಒಳಗೇ ನಡೆಯುತ್ತದೆ.

ಬಿ450 ಬೋರ್ಡ್ ಇರುವವರು ಈ ಮೂರರಲ್ಲಿ ಆರಿಸುವುದಾದರೆ ನಾನು 6600 ಅನ್ನೇ ಹೇಳುತ್ತೇನೆ; ಹಣ ಅಷ್ಟಿಲ್ಲದಿದ್ದರೆ 580; 6500 ಎಕ್ಸ್‌ಟಿಯನ್ನು 3.0 ಬೋರ್ಡಿಗೆ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದು, ಅದಕ್ಕಾಗಿ ಬಿ550 ಬೋರ್ಡಿಗೆ ಹೋಗಲು ಯೋಚಿಸುತ್ತಿರುವವರು ಮೊದಲು ತಮ್ಮ ಪ್ರೊಸೆಸರ್ ಯಾವುದೆಂದು ನೋಡಬೇಕು. ಗ್ರಾಫಿಕ್ಸ್ ಸ್ಲಾಟಿನ ಲೇನ್‌ಗಳು ಪ್ರೊಸೆಸರ್‌ನಿಂದಲೇ ಬರುತ್ತವೆ. ರೈಜನ್ 5 3600 ಅಥವಾ 5600 ಇದ್ದರೆ ಬಿ550ರಲ್ಲಿ 4.0 ಸಿಗುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾದ ರೈಜನ್ 5 5500 ಮತ್ತು 5600ಜಿ ಪ್ರೊಸೆಸರ್‌ಗಳು ಯಾವ ಬೋರ್ಡಿನಲ್ಲಿ ಹಾಕಿದರೂ 3.0 ವೇಗವನ್ನೇ ಕೊಡುತ್ತವೆ, ಹಳೆಯ 3400ಜಿಯಂತೂ ಗ್ರಾಫಿಕ್ಸ್ ಸ್ಲಾಟಿಗೆ 3.0ರ 8 ಲೇನ್‌ಗಳನ್ನಷ್ಟೇ ಕೊಡುತ್ತದೆ. ಅಂಥವರು ಬೋರ್ಡ್ ಬದಲಿಸಿದರೆ `LnkSta` ಸಾಲಿನಲ್ಲಿ `8GT/s` ಎಂಬುದು ಹಾಗೆಯೇ ಉಳಿಯುತ್ತದೆ.