ಚಿನ್ನ ಕೊಳ್ಳುವ ಮೊದಲೇ ಅಂಗಡಿಗೆ ಒಂದು ಪತ್ರ ಬರೆಯಿರಿ: ನಮಗೆ 53,968 ರೂಪಾಯಿ ಕಡಿಮೆ ಬಂದ ಕಥೆ

2018ರಲ್ಲಿ ನಮ್ಮೂರಿನ ಒಂದು ಚಿನ್ನದಂಗಡಿಯಲ್ಲಿ ಕೆಂಪು, ಹಸಿರು ಕಲ್ಲಿನ ನೆಕ್ಲೇಸ್ ಕೊಂಡೆವು. ತಕ್ಕಡಿಯಲ್ಲಿ 40 ಗ್ರಾಂ ತೂಗಿತು. ಕೌಂಟರಿನಲ್ಲಿದ್ದವರು, "ಅಮ್ಮಾ, ಯಾವಾಗ ಬೇಕಾದರೂ ತನ್ನಿ. ಆ ದಿನದ ರೇಟಿಗೆ ವಾಪಸ್ ತಗೋತೀವಿ, ಒಂದು ರೂಪಾಯಿ ಕಡಿಯಲ್ಲ" ಅಂದರು. ಅಮ್ಮ ಆ ಮಾತನ್ನು ನಂಬಿದರು. ನಾನೂ ನಂಬಿದೆ. ಬಿಲ್ಲಿನಲ್ಲಿ ಇದ್ದದ್ದು ಇಷ್ಟೇ: ನೆಕ್ಲೇಸ್, 40 ಗ್ರಾಂ, 916, ಕಲ್ಲಿನ ಚಾರ್ಜ್, ಒಟ್ಟು ಮೊತ್ತ.

2024ರ ಅಕ್ಟೋಬರಿನಲ್ಲಿ ತಂಗಿಯ ಮದುವೆಗೆ ಹನ್ನೆರಡು ದಿನ ಇರುವಾಗ ಅದೇ ನೆಕ್ಲೇಸ್ ಹಿಡಿದು ಅದೇ ಅಂಗಡಿಗೆ ಹೋದೆವು. ಅದನ್ನು ಕೊಟ್ಟು ಮಾಂಗಲ್ಯದ ಸರ ತಗೊಳ್ಳುವುದು ನಮ್ಮ ಯೋಚನೆ. ಅಂದಿನ 22 ಕ್ಯಾರೆಟ್ ರೇಟು ಗ್ರಾಮಿಗೆ ಸುಮಾರು 7,000 ರೂಪಾಯಿ. ಲೆಕ್ಕ ಸುಲಭವಾಗಲಿ ಎಂದು 7,000 ಅಂತಲೇ ಇಟ್ಟುಕೊಳ್ಳುತ್ತೇನೆ. 40 ಗ್ರಾಮಿಗೆ 2,80,000 ಬರುತ್ತದೆ ಎಂದು ಮನೆಯಲ್ಲೇ ಲೆಕ್ಕ ಹಾಕಿದ್ದೆವು.

ಅಂಗಡಿಯವರು ನೆಕ್ಲೇಸನ್ನು ಒಳಗೆ ತೆಗೆದುಕೊಂಡು ಹೋದರು. ಅರ್ಧ ಗಂಟೆ ಆದಮೇಲೆ ತಟ್ಟೆಯಲ್ಲಿ ವಾಪಸ್ ತಂದರು. ಕಲ್ಲು ಒಂದು ಕಡೆ, ಅರಗಿನ ಚೂರು ಒಂದು ಕಡೆ, ಚಿನ್ನ ಇನ್ನೊಂದು ಕಡೆ. ಬಿಡಿಸುವ ಮೊದಲು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಈಗ ಅದು ನೆಕ್ಲೇಸೇ ಅಲ್ಲ. ಬೇರೆ ಅಂಗಡಿಗೆ ತೋರಿಸೋಣ ಎಂದರೂ ತೋರಿಸಲು ಒಡವೆಯೇ ಉಳಿದಿಲ್ಲ. ಮದುವೆ ಬೇರೆ ತಲೆ ಮೇಲಿದೆ. ಆಮೇಲೆ ಅವರು ಹೇಳಿದ ಲೆಕ್ಕ ಹೀಗಿತ್ತು.

ಕಲ್ಲು ಮತ್ತು ಅರಗು ಸೇರಿ 5.4 ಗ್ರಾಂ. ಅದನ್ನು ಕಳೆದರೆ 34.6 ಗ್ರಾಂ. ಕ್ಯಾರೆಟ್ ಮಷಿನ್ನಿನಲ್ಲಿ ಚಿನ್ನದ ಶುದ್ಧತೆ 91.6 ಬರಲಿಲ್ಲ, 88 ಬಂತು. ಹಾಗಾಗಿ ಅದು 22 ಕ್ಯಾರೆಟ್ಟಿನ 33.24 ಗ್ರಾಮಿಗೆ ಸಮ ಅಂದರು. ಕೊನೆಗೆ ರೇಟು. "ಮಾರುವ ರೇಟು 7,000, ನಾವು ತಗೊಳ್ಳುವ ರೇಟು 6,800" ಅಂದರು. ಒಟ್ಟು 2,26,032 ರೂಪಾಯಿ. ನಾವು ಅಂದುಕೊಂಡದ್ದಕ್ಕಿಂತ 53,968 ಕಡಿಮೆ.

ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನ ಅಂಚನ್ನು ಹಿಂಡುತ್ತಾ ಕೂತಿದ್ದರು. ಅಂದು ಮಾತು ಕೊಟ್ಟವರು ಈಗ ಆ ಅಂಗಡಿಯಲ್ಲಿಲ್ಲ. "ಬಿಲ್ಲಿನಲ್ಲಿ ಎಲ್ಲಿ ಬರೆದಿದೆ ತೋರಿಸಿ" ಎಂದು ಈಗಿರುವವರು ಕೇಳಿದರು. ಬರೆದಿರಲಿಲ್ಲ. ಒಪ್ಪಿಕೊಂಡು ಬಂದೆವು.

ಆಮೇಲೆ ತಣ್ಣಗೆ ಕೂತು ಯೋಚಿಸಿದಾಗ ಒಂದು ವಿಷಯ ಅರ್ಥವಾಯಿತು. ಈ ನಷ್ಟ 2024ರಲ್ಲಿ ಆದದ್ದಲ್ಲ. ಹೆಚ್ಚಿನದು 2018ರಲ್ಲೇ, ನಾವು ನಗುತ್ತಾ ಬಿಲ್ ಹಿಡಿದು ಹೊರಗೆ ಬಂದ ದಿನವೇ ಆಗಿತ್ತು.

ಕಲ್ಲಿನ ವಿಷಯವನ್ನೇ ನೋಡಿ. ಕಲ್ಲು ಚಿನ್ನವಲ್ಲ, ವಾಪಸ್ ತಗೊಳ್ಳುವಾಗ ಅದರ ತೂಕ ಕಳೆಯುವುದು ಸರಿಯೇ. ಆದರೆ 2018ರಲ್ಲಿ ನಮಗೆ ಮಾರುವಾಗ ಆ 5.4 ಗ್ರಾಮನ್ನೂ ಚಿನ್ನದ ರೇಟಿಗೇ ಹಾಕಿದ್ದರು. ಅದರ ಮೇಲೆ ವೇಸ್ಟೇಜ್ ಸೇರಿಸಿದ್ದರು. ಮತ್ತೆ ಕಲ್ಲಿಗೆ ಅಂತ ಪ್ರತ್ಯೇಕ ದುಡ್ಡನ್ನೂ ತಗೊಂಡಿದ್ದರು. ಅಂದರೆ ಅದೇ ಕಲ್ಲಿಗೆ ನಾವು ಎರಡು ಸಲ ದುಡ್ಡು ಕೊಟ್ಟಿದ್ದೇವೆ, ವಾಪಸ್ ಬಂದದ್ದು ಸೊನ್ನೆ. ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಚಿನ್ನದ ನಿವ್ವಳ ತೂಕ ಬೇರೆ ಎಂದು ಬರೆಸಿಕೊಂಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು. ನನ್ನ ಲೆಕ್ಕದಲ್ಲಿ 53,968ರಲ್ಲಿ 37,800 ಇದೊಂದರಿಂದಲೇ ಹೋಯಿತು.

ಶುದ್ಧತೆಯ ಕಥೆಯೂ ಹಾಗೇ. ನಮ್ಮ ನೆಕ್ಲೇಸಿನ ಮೇಲೆ 916 ಎಂದು ಇತ್ತು, ಆದರೆ ಅದು ಅಂಗಡಿಯವರೇ ಒತ್ತಿದ ಅಚ್ಚು. ಶುದ್ಧತೆಗೆ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಹಾಲ್‌ಮಾರ್ಕ್, ಅಂದರೆ ಆ ತ್ರಿಕೋನದ ಗುರುತು, ಇರಲಿಲ್ಲ. ಆಗ ಹಾಲ್‌ಮಾರ್ಕ್ ಕಡ್ಡಾಯ ಆಗಿರಲಿಲ್ಲ, 2021ರ ಜೂನಿನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಹಾಲ್‌ಮಾರ್ಕ್ ಇದ್ದ ಒಡವೆಯಲ್ಲಿ ಶುದ್ಧತೆ ಕಡಿಮೆ ಬಂದರೆ, ಆ ಕೊರತೆಯ ಬೆಲೆಯ ಎರಡರಷ್ಟನ್ನು ಮತ್ತು ಪರೀಕ್ಷೆಯ ಖರ್ಚನ್ನು ಗ್ರಾಹಕರಿಗೆ ಕೊಡಬೇಕು ಎಂದು ಬಿಐಎಸ್ ನಿಯಮ ಇದೆ. ನಮ್ಮ ಕೈಯಲ್ಲಿ ಆ ಹಿಡಿತ ಇರಲಿಲ್ಲ. ಇನ್ನೊಂದು ಮಾತು. ಕ್ಯಾರೆಟ್ ಮಷಿನ್ ನೋಡುವುದು ಒಡವೆಯ ಮೇಲ್ಪದರವನ್ನು ಮಾತ್ರ. ಬೆಸುಗೆ ಹಾಕಿದ ಜಾಗದಲ್ಲಿಟ್ಟರೆ ಅಂಕಿ ಕಡಿಮೆ ತೋರಿಸಬಹುದು. ಎರಡು ಮೂರು ಕಡೆ ಇಟ್ಟು ನೋಡಿ ಎಂದು ಕೇಳಲು ನಮಗೆ ಗೊತ್ತಿರಲಿಲ್ಲ. ಅವರು ಒಂದೇ ಕಡೆ ನೋಡಿ 88 ಅಂದರು, ನಾವು ತಲೆಯಾಡಿಸಿದೆವು.

ಹೊಸ ಸರದ ಬಿಲ್ ಬಂದಾಗ ಇನ್ನೊಂದು ಪೆಟ್ಟು. ಹಳೇ ಚಿನ್ನ ಕೊಟ್ಟಿದ್ದೇವೆ, ಮೇಲೆ ಕೊಡುವ ವ್ಯತ್ಯಾಸದ ದುಡ್ಡಿಗಷ್ಟೇ ಜಿಎಸ್‌ಟಿ ಎಂದುಕೊಂಡಿದ್ದೆ. ಹಾಗಲ್ಲ. ಹೊಸ ಒಡವೆಯ ಪೂರ್ತಿ ಬೆಲೆಯ ಮೇಲೆ 3 ಪರ್ಸೆಂಟ್. ಇದು ಅಂಗಡಿಯವರ ತಪ್ಪಲ್ಲ, ಆದರೆ ಮೊದಲೇ ಗೊತ್ತಿದ್ದರೆ ದುಡ್ಡು ಹೊಂದಿಸಿಕೊಂಡು ಹೋಗಬಹುದಿತ್ತು.

ಈ ವರ್ಷ ಮಗಳಿಗೆ ಬಳೆ ತಗೊಳ್ಳುವ ಮಾತು ಬಂದಾಗ ನಾನು ಅಂಗಡಿಗೆ ಹೋಗಲಿಲ್ಲ. ಮೊದಲು ಪತ್ರ ಬರೆದೆ. ಮೂರು ಅಂಗಡಿಗೆ ಒಂದೇ ಪತ್ರ. ಅದನ್ನು ಇಲ್ಲಿ ಪೂರ್ತಿ ಹಾಕುತ್ತಿದ್ದೇನೆ. ಬೇಕಾದವರು ನಿಮ್ಮ ಒಡವೆಗೆ ತಕ್ಕಂತೆ ಬದಲಿಸಿಕೊಂಡು ಕಳಿಸಿ.

"ಅಂಗಡಿಯ ಮಾಲೀಕರಿಗೆ,

ನಮಸ್ಕಾರ. ಮಗಳಿಗೆ 22 ಕ್ಯಾರೆಟ್ಟಿನ ಎರಡು ಬಳೆ, ಒಟ್ಟು ಸುಮಾರು 24 ಗ್ರಾಂ, ನಿಮ್ಮಲ್ಲಿ ತಗೊಳ್ಳಬೇಕೆಂದಿದ್ದೇವೆ. ಜೊತೆಗೆ ನಮ್ಮ ತಾಯಿಯ ಹಳೆಯ ಸರ ಒಂದಿದೆ. ಸುಮಾರು 12 ಗ್ರಾಂ, ಕಲ್ಲು ಇಲ್ಲ, ಹಾಲ್‌ಮಾರ್ಕ್ ಇಲ್ಲ, ಬಿಲ್ಲೂ ಇಲ್ಲ. ಅದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಯೋಚನೆ ಇದೆ. ಬರುವ ಮೊದಲು ಕೆಲವು ವಿಷಯ ತಿಳಿಯಬೇಕಿತ್ತು.

ಹಳೆಯ ಸರದ ಶುದ್ಧತೆಯನ್ನು ಹೇಗೆ ನೋಡುತ್ತೀರಿ? ನಮ್ಮ ಎದುರಿಗೇ, ಒಂದಕ್ಕಿಂತ ಹೆಚ್ಚು ಕಡೆ ಮಷಿನ್ನಿನಲ್ಲಿ ನೋಡುತ್ತೀರಾ? ಕರಗಿಸಿ ನೋಡುವುದಾದರೆ ಅದಕ್ಕೆ ಮೊದಲು ನಮ್ಮ ಒಪ್ಪಿಗೆ ಕೇಳುತ್ತೀರಾ? ಶುದ್ಧತೆಗೆ ತಕ್ಕಂತೆ ತೂಕ ಲೆಕ್ಕ ಹಾಕಿದ ಮೇಲೆ ಮತ್ತೆ ಕರಗುವ ನಷ್ಟ ಎಂದು ಏನಾದರೂ ಕಳೆಯುತ್ತೀರಾ? ಕಳೆಯುವುದಾದರೆ ಎಷ್ಟು ಪರ್ಸೆಂಟ್?

ಹಳೇ ಚಿನ್ನಕ್ಕೆ ಹಾಕುವ ರೇಟು, ಹೊಸ ಬಳೆಗೆ ಹಾಕುವ ರೇಟು ಎರಡೂ ಒಂದೇನಾ? ಬಳೆಗೆ ವೇಸ್ಟೇಜ್, ಮಜೂರಿ ಎಷ್ಟು?

ಈಗ ಕೊಳ್ಳುವ ಬಳೆಯನ್ನು ಐದಾರು ವರ್ಷದ ನಂತರ ನಿಮ್ಮಲ್ಲಿಗೇ ತಂದರೆ, ಎಕ್ಸ್‌ಚೇಂಜ್‌ಗೆ ಎಷ್ಟು ಸಿಗುತ್ತದೆ? ಒಡವೆ ಬೇಡ, ದುಡ್ಡೇ ಬೇಕು ಎಂದರೆ ಎಷ್ಟು ಸಿಗುತ್ತದೆ? ಬಿಲ್ ಇದ್ದರೆ, ಇಲ್ಲದಿದ್ದರೆ ಏನು ವ್ಯತ್ಯಾಸ? ನಿಮ್ಮ ಬೇರೆ ಬ್ರಾಂಚಿನಲ್ಲೂ ಇದೇ ಷರತ್ತು ನಡೆಯುತ್ತದೆಯೇ?

ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಚಾರ್ಜ್ ಬೇರೆ ಬೇರೆ ಬರೆದುಕೊಡಬೇಕಾಗಿ ಕೋರಿಕೆ. ಉತ್ತರವನ್ನು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಅಥವಾ ಅಂಗಡಿಯ ನಂಬರಿನಿಂದ ವಾಟ್ಸಾಪ್‌ನಲ್ಲಿ ಕಳಿಸಿದರೆ ಉಪಕಾರವಾಗುತ್ತದೆ.

ಇಂತಿ ನಿಮ್ಮ ಗ್ರಾಹಕರು"

ಪತ್ರದಲ್ಲಿ ಎಕ್ಸ್‌ಚೇಂಜ್ ಬೇರೆ, ದುಡ್ಡು ಬೇರೆ ಎಂದು ಕೇಳಿದ್ದನ್ನು ಗಮನಿಸಿ. ಇದು ಬಹಳ ಮುಖ್ಯ. "ನೂರಕ್ಕೆ ನೂರು ವಾಪಸ್" ಎಂದು ಹೇಳುವ ಕಡೆ ಎಷ್ಟೋ ಸಲ ಅದು ಎಕ್ಸ್‌ಚೇಂಜ್‌ಗೆ ಮಾತ್ರ ಇರುತ್ತದೆ. ಆಸ್ಪತ್ರೆಗೋ ಫೀಸಿಗೋ ದುಡ್ಡು ಬೇಕಾದ ದಿನ ಹೋದರೆ ಲೆಕ್ಕವೇ ಬೇರೆ. ಆ ನೂರರಲ್ಲಿ ವೇಸ್ಟೇಜ್, ಮಜೂರಿ, ಜಿಎಸ್‌ಟಿ ಸೇರಿರುವುದಿಲ್ಲ ಎನ್ನುವುದೂ ನೆನಪಿರಲಿ. ಅವು ಕೊಟ್ಟ ದಿನವೇ ಹೋದವು.

ಮೊದಲ ಅಂಗಡಿಯವರು ಫೋನ್ ಮಾಡಿ, "ಅದೆಲ್ಲ ಬರೆದು ಕೊಡೋದಿಲ್ಲ ಮೇಡಂ, ನೀವು ಬನ್ನಿ, ಮಾತಾಡೋಣ" ಅಂದರು. ನಾನು ಹೋಗಲಿಲ್ಲ. ಬಾಯಿಮಾತಿನ ಬೆಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಎರಡನೆಯ ಅಂಗಡಿಯವರು ಎರಡು ದಿನದಲ್ಲಿ ಲೆಟರ್‌ಹೆಡ್‌ನಲ್ಲೇ ಉತ್ತರ ಕೊಟ್ಟರು. ತಮ್ಮಲ್ಲಿ ಕೊಂಡ ಒಡವೆಯನ್ನು ಬಿಲ್ ಜೊತೆ ತಂದರೆ ಎಕ್ಸ್‌ಚೇಂಜ್‌ಗೆ ನಿವ್ವಳ ತೂಕಕ್ಕೆ ಆ ದಿನದ ಪೂರ್ತಿ ರೇಟು, ದುಡ್ಡಿಗಾದರೆ 3 ಪರ್ಸೆಂಟ್ ಕಡಿತ, ದುಡ್ಡು ಬ್ಯಾಂಕ್ ಖಾತೆಗೆ. ಬೇರೆ ಕಡೆಯ ಹಳೇ ಚಿನ್ನಕ್ಕೆ ಶುದ್ಧತೆ ನೋಡಿ, ಅದರ ಮೇಲೆ 3 ಪರ್ಸೆಂಟ್ ಕಡಿತ. ಬಳೆಗೆ ವೇಸ್ಟೇಜ್ 10 ಪರ್ಸೆಂಟ್, ಬೇರೆ ಮಜೂರಿ ಇಲ್ಲ.

ಮೂರನೆಯವರ ಉತ್ತರ ಮೊದಲ ನೋಟಕ್ಕೆ ಚೆನ್ನಾಗಿತ್ತು. ಹಳೇ ಚಿನ್ನಕ್ಕೆ ಸೊನ್ನೆ ಕಡಿತ! ಆದರೆ ಬಳೆಗೆ ವೇಸ್ಟೇಜ್ 18 ಪರ್ಸೆಂಟ್. ಕಾಗದದ ಮೇಲೆ ಇಟ್ಟು ನೋಡಿದೆ. 12 ಗ್ರಾಂ ಹಳೇ ಚಿನ್ನಕ್ಕೆ 3 ಪರ್ಸೆಂಟ್ ಉಳಿದರೆ ಹೆಚ್ಚೆಂದರೆ 0.36 ಗ್ರಾಂ ಉಳಿಯುತ್ತದೆ. 24 ಗ್ರಾಂ ಬಳೆಗೆ 8 ಪರ್ಸೆಂಟ್ ಜಾಸ್ತಿ ಕೊಟ್ಟರೆ 1.92 ಗ್ರಾಂ ಹೋಗುತ್ತದೆ. ಎರಡೂ ಉತ್ತರ ಅಕ್ಕಪಕ್ಕ ಬರವಣಿಗೆಯಲ್ಲಿ ಇದ್ದದ್ದರಿಂದ ಇದು ಕಣ್ಣಿಗೆ ಬಿತ್ತು. ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕೇಳಿದ್ದರೆ "ಸೊನ್ನೆ ಕಡಿತ" ಅನ್ನುವುದಷ್ಟೇ ಕಿವಿಗೆ ಬೀಳುತ್ತಿತ್ತು.

ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯನ್ನು ಅಂಗಡಿಯವರು ತಗೊಳ್ಳುವ ಹಾಗೇ ಇಲ್ಲ ಎಂದು ನಮ್ಮ ಅತ್ತಿಗೆಗೆ ಯಾರೋ ಹೆದರಿಸಿದ್ದರು. ಅದು ಸುಳ್ಳು. ಹಾಲ್‌ಮಾರ್ಕ್ ಕಡ್ಡಾಯ ಇರುವುದು ಅಂಗಡಿಯವರು ನಮಗೆ ಮಾರುವ ಒಡವೆಗೆ. ನಾವು ಮನೆಯ ಹಳೇ ಚಿನ್ನ ಕೊಡಲು ಅಡ್ಡಿ ಇಲ್ಲ. ಅಂಗಡಿಯವರ ಮಷಿನ್ ಮೇಲೆ ಅನುಮಾನ ಇದ್ದರೆ ಬಿಐಎಸ್ ಒಪ್ಪಿದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಫೀಸು ಕಟ್ಟಿ ನಾವೇ ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಅಂಗಡಿಗೆ ಹೋಗಬಹುದು. ಅಮ್ಮನ ಸರಕ್ಕೆ ನಾನು ಹಾಗೇ ಮಾಡಿಸಿದೆ.

ಎರಡನೆಯ ಅಂಗಡಿಯಲ್ಲೇ ಬಳೆ ತಗೊಂಡೆವು. ಸರವನ್ನು ನಮ್ಮ ಎದುರಿಗೇ ಮೂರು ಕಡೆ ಮಷಿನ್ನಿನಲ್ಲಿಟ್ಟು ನೋಡಿದರು, ನಮ್ಮ ರಿಪೋರ್ಟಿಗೆ ಹತ್ತಿರವೇ ಬಂತು. ಪ್ರತಿ ಬಳೆಯ ಒಳಗೆ ತ್ರಿಕೋನದ ಗುರುತು, 22K916, ಎಚ್‌ಯುಐಡಿ ಅನ್ನುವ, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಇತ್ತು. ದುಡ್ಡು ಕೊಡುವ ಮೊದಲು ಫೋನಿನಲ್ಲಿ BIS Care ಆ್ಯಪ್ ತೆರೆದು, Verify HUID ಒತ್ತಿ ಎರಡೂ ಬಳೆಯದನ್ನು ಹಾಕಿ ನೋಡಿದೆ. ಒಡವೆಯ ಬಗೆ ಬಳೆ ಎಂದೇ ಇತ್ತು, ಶುದ್ಧತೆ ಹೊಂದುತ್ತಿತ್ತು. ಬೇರೆ ಒಡವೆಯ ಹೆಸರು ಬಂದಿದ್ದರೆ ಅಲ್ಲೇ ಎದ್ದು ಬರುತ್ತಿದ್ದೆ.

ಅವರ ಉತ್ತರದ ಪತ್ರದ ಮೇಲೆ ಬಿಲ್ ನಂಬರ್ ಬರೆಸಿ, ಅಂಗಡಿಯ ಸೀಲ್ ಹಾಕಿಸಿಕೊಂಡೆ. ಚಿನ್ನದಂಗಡಿಯ ಬಿಲ್ಲಿನ ಅಕ್ಷರ ಕೆಲವು ವರ್ಷದಲ್ಲಿ ಮಾಸಿಹೋಗುವುದುಂಟು, ಅದಕ್ಕೆ ಎರಡನ್ನೂ ಜೆರಾಕ್ಸ್ ಮಾಡಿಸಿದೆ. ಒಂದು ಪ್ರತಿ ಲಾಕರಿನಲ್ಲಿ ಬಳೆಯ ಡಬ್ಬಿಯೊಳಗಿದೆ. ಇನ್ನೊಂದನ್ನು ಅಮ್ಮ ತಮ್ಮ ಟ್ರಂಕಿನಲ್ಲಿ, 2018ರ ಆ ಹಳೇ ಬಿಲ್ಲಿನ ಪಕ್ಕದಲ್ಲೇ ಇಟ್ಟಿದ್ದಾರೆ.